ಉತ್ತರ ಸರಿ, ಬಾಣ ತಪ್ಪು

ಮೊದಲ ಪಿಯುಸಿ ಮಕ್ಕಳಿಗೆ ವೃತ್ತೀಯ ಚಲನೆಯ ಪಾಠ ಮುಗಿದ ಮೇಲೆ ನಾನು ಕೊಡುವ ಲೆಕ್ಕವೊಂದಿದೆ. ಜಾತ್ರೆಯಲ್ಲಿ ಹಾಕಿರುವ ಜೈಂಟ್ ವೀಲ್‌ನಲ್ಲಿ 40 ಕಿಲೋ ತೂಕದ ಹುಡುಗಿಯೊಬ್ಬಳು ಕೂತಿದ್ದಾಳೆ. ಚಕ್ರದ ತ್ರಿಜ್ಯ 8 ಮೀಟರ್. ಹುಡುಗಿ ಸೆಕೆಂಡಿಗೆ 4 ಮೀಟರ್ ಜವದಲ್ಲಿ ಒಂದೇ ಸಮನೆ ಸುತ್ತುತ್ತಿದ್ದಾಳೆ, ಅಂದರೆ ಒಂದು ಸುತ್ತಿಗೆ ಸುಮಾರು ಹನ್ನೆರಡೂವರೆ ಸೆಕೆಂಡು. ಅವಳು ಚಕ್ರದ ಅತಿ ಕೆಳಗಿನ ಬಿಂದುವನ್ನು ದಾಟುವಾಗ ಆಸನ ಅವಳನ್ನು ಎಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ? ಲೆಕ್ಕ ಸುಲಭವಾಗಲೆಂದು ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿಯಿರಿ ಎನ್ನುತ್ತೇನೆ.

ಲೆಕ್ಕಕ್ಕಿಂತ ಮುಂಚೆ ಚಿತ್ರ ಬರೆಯಬೇಕು. ಅದನ್ನು ಫ್ರೀ ಬಾಡಿ ಡಯಾಗ್ರಂ ಎನ್ನುತ್ತೇವೆ. ಹುಡುಗಿಯನ್ನು ಸುತ್ತಲಿನ ಎಲ್ಲದರಿಂದ ಬೇರ್ಪಡಿಸಿ ಒಂಟಿಯಾಗಿ ಒಂದು ಚುಕ್ಕೆಯಂತೆ ಬರೆದು, ಅವಳ ಮೇಲೆ ಬೀಳುವ ಬಲಗಳನ್ನೆಲ್ಲ ಬಾಣಗಳಾಗಿ ತೋರಿಸುವ ಚಿತ್ರ ಅದು. ಅವಳು ಬೇರೆಯವುಗಳ ಮೇಲೆ ಹಾಕುವ ಬಲಗಳಿಗೆ ಅಲ್ಲಿ ಜಾಗವಿಲ್ಲ.

ಒಮ್ಮೆ ಈ ಲೆಕ್ಕದ ನೋಟ್‌ಬುಕ್‌ಗಳನ್ನು ತಿದ್ದುತ್ತಿದ್ದಾಗ ಮೂರು ಪುಸ್ತಕಗಳು ನನ್ನ ಕೈ ತಡೆದವು. ಮೂರರಲ್ಲೂ ಚಿತ್ರ ಒಂದೇ. ಹುಡುಗಿಯ ತೂಕ ಕೆಳಕ್ಕೆ, ಆಸನದ ಒತ್ತು ಮೇಲಕ್ಕೆ. ಇಷ್ಟು ಸರಿ. ಆದರೆ ಮೂರನೆಯ ಬಾಣವೊಂದು ಚಕ್ರದಿಂದ ಹೊರಕ್ಕೆ, ಅಂದರೆ ಈ ಬಿಂದುವಿನಲ್ಲಿ ಕೆಳಕ್ಕೆ ಇತ್ತು. ಅದರ ಪಕ್ಕದಲ್ಲಿ ‘ಕೇಂದ್ರಾಭಿಮುಖ ಬಲ, 80 ನ್ಯೂಟನ್’ ಎಂದು ಬರೆದಿದ್ದರು. ಚಿತ್ರ ಒಂದೇ ಆದರೂ ಉತ್ತರ ಮೂರು. ಮೊದಲನೆಯದರಲ್ಲಿ 480 ನ್ಯೂಟನ್, ಎರಡನೆಯದರಲ್ಲಿ 560, ಮೂರನೆಯದರಲ್ಲಿ 320.

ಸರಿಯಾದ ಉತ್ತರ 480. ತಪ್ಪು ಚಿತ್ರ ಬರೆದ ಮೂವರಲ್ಲಿ ಒಬ್ಬಳಿಗೆ ಸರಿ ಉತ್ತರ ಸಿಕ್ಕಿತ್ತು. ಉಳಿದ ಇಬ್ಬರ ತಪ್ಪು ಉತ್ತರದಲ್ಲೇ ಎದ್ದು ಕಾಣುತ್ತದೆ, ಯಾರು ಬೇಕಾದರೂ ಹಿಡಿಯಬಹುದು. ಕೊನೆಯ ಸಾಲನ್ನು ಮಾತ್ರ ನೋಡಿ ಟಿಕ್ ಹಾಕುವವರ ಕಣ್ಣಿಗೆ ಮೊದಲನೆಯವಳ ತಪ್ಪು ಬೀಳುವುದೇ ಇಲ್ಲ. ಹಾಗಾಗಿ ಅವಳ ಪುಸ್ತಕವನ್ನೇ ನಾನು ಹೆಚ್ಚು ಹೊತ್ತು ನೋಡಿದೆ.

ಸರಿಯಾದ ದಾರಿ

ಮೊದಲು ಲೆಕ್ಕವನ್ನು ನೇರವಾಗಿ ಮಾಡೋಣ. ವೃತ್ತದಲ್ಲಿ ಒಂದೇ ಜವದಲ್ಲಿ ಸುತ್ತುವ ವಸ್ತುವಿನ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ದಿಕ್ಕು ಬದಲಾಯಿತೆಂದರೆ ವೇಗ ಬದಲಾಯಿತು ಎಂದೇ ಅರ್ಥ, ಅಲ್ಲಿ ವೇಗೋತ್ಕರ್ಷವಿದೆ. ಆ ವೇಗೋತ್ಕರ್ಷ ಯಾವಾಗಲೂ ಕೇಂದ್ರದ ಕಡೆಗೆ. ಅದರ ಅಳತೆ v²/r. ನಮ್ಮ ಹುಡುಗಿಗೆ 16 ಭಾಗಿಸು 8, ಅಂದರೆ 2. ಅವಳ 40 ಕಿಲೋವನ್ನು ಇದರಿಂದ ಗುಣಿಸಿದರೆ 80 ನ್ಯೂಟನ್. ಹುಡುಗಿಯ ಮೇಲಿನ ಬಲಗಳನ್ನೆಲ್ಲ ಕೂಡಿ ಕಳೆದು ಕೊನೆಗೆ ಉಳಿಯುವ ನಿವ್ವಳ ಬಲ ಇಷ್ಟಿರಬೇಕು, ಅದು ಕೇಂದ್ರದ ಕಡೆಗಿರಬೇಕು.

ಕೆಳಗಿನ ಬಿಂದುವಿನಲ್ಲಿ ಕೇಂದ್ರ ಇರುವುದು ಹುಡುಗಿಯ ತಲೆಯ ಮೇಲೆ. ಅವಳ ಮೇಲೆ ಇರುವುದು ಎರಡೇ ಬಲ. ಭೂಮಿ ಕೆಳಕ್ಕೆ ಎಳೆಯುವ 400 ನ್ಯೂಟನ್, ಆಸನ ಮೇಲಕ್ಕೆ ಒತ್ತುವ N. ಮೇಲಿನದರಲ್ಲಿ ಕೆಳಗಿನದನ್ನು ಕಳೆದರೆ 80 ಉಳಿಯಬೇಕು.

N − mg = mv²/r

N = 400 + 80 = 480

ಇಲ್ಲಿ 80 ಎಂಬುದು ಮೂರನೆಯ ಬಲವಲ್ಲ, ಎರಡು ಬಲಗಳ ವ್ಯತ್ಯಾಸ. ಚಿತ್ರದಲ್ಲಿ ಅದಕ್ಕೆ ಬೇರೆ ಬಾಣವಿಲ್ಲ. ಅದರ ಜಾಗ ಸಮೀಕರಣದ ಬಲಗಡೆ.

ಒಂದು ಬಾಣ, ಮೂರು ತಪ್ಪು

ಈಗ ಆ ಮೂರು ಪುಸ್ತಕಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯವಳು ಹೊರಗಿನ ಬಾಣವನ್ನು ತೂಕದ ಜೊತೆಗೆ ಕೂಡಿಸಿ, ಮೇಲಿನ ಒತ್ತಿಗೆ ಸಮ ಮಾಡಿದ್ದಳು. N = mg + 80 = 480. ಅವಳ ಮನಸ್ಸಿನಲ್ಲಿದ್ದದ್ದು ತಕ್ಕಡಿಯ ಚಿತ್ರ. ಎರಡೂ ಕಡೆ ಸಮವಿರಬೇಕು ಎಂದು ತೂಗಿದ್ದಳು. ಬಲಗಡೆಯ mv²/r ಅನ್ನು ಎಡಗಡೆಗೆ ಒಯ್ದರೆ ಚಿಹ್ನೆ ಬದಲಾಗಿ ಇದೇ ಸಾಲು ಬರುತ್ತದೆ. ಆದ್ದರಿಂದಲೇ ಅಂಕಿ ಸರಿಹೋಯಿತು. ಆದರೆ ಅವಳ ಚಿತ್ರ ಹೇಳುವುದು ಹುಡುಗಿಯ ಮೇಲಿನ ನಿವ್ವಳ ಬಲ ಸೊನ್ನೆ ಎಂದು. ನಿವ್ವಳ ಬಲ ಸೊನ್ನೆಯಾದ ವಸ್ತು ನಿಂತಿರುತ್ತದೆ, ಇಲ್ಲವೇ ನೇರ ಗೆರೆಯಲ್ಲಿ ಹೋಗುತ್ತದೆ. ವೃತ್ತದಲ್ಲಿ ಸುತ್ತುವುದಿಲ್ಲ.

ಎರಡನೆಯವನಿಗೆ ನ್ಯೂಟನ್ನನ ಎರಡನೆಯ ನಿಯಮ ನೆನಪಿತ್ತು. ಸಮೀಕರಣದ ಬಲಗಡೆ mv²/r ಬರೆಯಬೇಕೆಂದು ಅವನಿಗೆ ಗೊತ್ತು. ಅದನ್ನು ಬರೆದ. ಚಿತ್ರದಲ್ಲಿದ್ದ ಹೊರಗಿನ ಬಾಣವನ್ನೂ ಬಿಡಲಿಲ್ಲ. N − 400 − 80 = 80, ಆದ್ದರಿಂದ 560. ಒಂದೇ 80 ಅನ್ನು ಎರಡು ಸಲ ಎಣಿಸಿದ್ದ.

ಮೂರನೆಯವನು ಹೊರಗಿನ ಬಾಣವೇ ನಿವ್ವಳ ಬಲದ ದಿಕ್ಕು ಎಂದು ತಿಳಿದ. ನಿವ್ವಳ ಬಲ ಕೆಳಕ್ಕಿದೆಯೆಂದರೆ ತೂಕ ಗೆಲ್ಲಬೇಕು. 400 − N = 80, ಆದ್ದರಿಂದ 320. ಅದು ಚಕ್ರದ ತುತ್ತತುದಿಯಲ್ಲಿ ಬರಬೇಕಾದ ಉತ್ತರ. ಇವನ ಪ್ರಕಾರ ಕೆಳಗೆ ಬಂದಾಗ ಮೈ ಹಗುರವಾಗಬೇಕು, ಮೇಲೆ ಹೋದಾಗ ಭಾರವಾಗಬೇಕು. ಜೈಂಟ್ ವೀಲ್ ಹತ್ತಿದವರ ಅನುಭವ ಇದಕ್ಕೆ ಪೂರ್ತಿ ಉಲ್ಟಾ.

ಉತ್ತರ ನೋಡಿದರೆ ಯಾವ ದಾರಿಯಲ್ಲಿ ತಪ್ಪಿದ್ದಾರೆಂದು ಹೀಗೆ ಹೇಳಬಹುದು. ಬರಬೇಕಾದುದಕ್ಕಿಂತ ಸರಿಯಾಗಿ ಒಂದು mv²/r ಹೆಚ್ಚಾಗಿದ್ದರೆ ಎರಡು ಸಲ ಎಣಿಸಿದ್ದಾರೆ. ಮೇಲಿನ ಉತ್ತರ ಕೆಳಗೆ, ಕೆಳಗಿನ ಉತ್ತರ ಮೇಲೆ ಬಂದಿದ್ದರೆ ನಿವ್ವಳ ಬಲದ ದಿಕ್ಕನ್ನೇ ತಿರುಗಿಸಿದ್ದಾರೆ. ಮೊದಲನೆಯ ತಪ್ಪು ಮಾತ್ರ ಅಂಕಿಯಲ್ಲಿ ಸಿಗುವುದಿಲ್ಲ. ಅದನ್ನು ಚಿತ್ರದಲ್ಲೇ ಹಿಡಿಯಬೇಕು.

‘ಯಾರು?’ ಎಂಬ ಪ್ರಶ್ನೆ

ಪುಸ್ತಕ ವಾಪಸು ಕೊಟ್ಟ ದಿನ ಮೊದಲನೆಯ ಹುಡುಗಿ ಸ್ಟಾಫ್ ರೂಮಿಗೆ ಬಂದಳು. “ಸರ್, ಉತ್ತರ ಸರಿ ಇದೆಯಲ್ಲ, ಮಾರ್ಕ್ಸ್ ಯಾಕೆ ಕಟ್ ಆಗಿದೆ?” ಎಂದಳು. ಅವಳ ಚಿತ್ರವನ್ನು ಮೇಜಿನ ಮೇಲಿಟ್ಟು ಒಂದೊಂದೇ ಬಾಣ ತೋರಿಸಿ ಕೇಳಿದೆ.

“ಈ ಬಲ ಯಾರು ಹಾಕ್ತಿದ್ದಾರಮ್ಮ?”

“ಭೂಮಿ, ಸರ್.”

“ಇದು?”

“ಸೀಟು.”

“ಈ ಮೂರನೇದು?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು... ತಿರುಗೋದ್ರಿಂದ ಬರುತ್ತೆ ಸರ್” ಎಂದಳು.

“ತಿರುಗೋದು ಒಂದು ವಸ್ತುವಾ?”

ಅವಳು ಪೆನ್ಸಿಲ್ ತೆಗೆದುಕೊಂಡು ತಾನೇ ಆ ಬಾಣವನ್ನು ಹೊಡೆದು ಹಾಕಿದಳು.

ಬಲವೆಂದರೆ ಒಂದು ವಸ್ತು ಇನ್ನೊಂದು ವಸ್ತುವಿನ ಮೇಲೆ ಹಾಕುವಂಥದ್ದು. ಎಳೆಯುವವರು, ತಳ್ಳುವವರು ಇಲ್ಲದೆ ಬಲವಿಲ್ಲ. ಚಿತ್ರದಲ್ಲಿರುವ ಪ್ರತಿ ಬಾಣಕ್ಕೂ ಭೂಮಿ, ಆಸನ, ಹಗ್ಗ, ರಸ್ತೆ, ಗೋಡೆ ಎಂದು ಯಾವುದಾದರೊಂದು ವಸ್ತುವಿನ ಹೆಸರು ಹೇಳಲು ಬರಬೇಕು. ‘ವೇಗ’, ‘ಸುತ್ತುವಿಕೆ’, ‘ಜಡತ್ವ’ ಎಂಬ ಉತ್ತರ ಬಂದರೆ ಆ ಬಾಣ ಅಲ್ಲಿರಬಾರದು. ವೃತ್ತೀಯ ಚಲನೆಯ ಚಿತ್ರ ತಿದ್ದಲು ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಇದೇ ಪ್ರಶ್ನೆಯನ್ನು ಒಳಮುಖವಾಗಿ ಬರೆದ ಬಾಣಕ್ಕೂ ಕೇಳಬೇಕು. ಕೆಲವು ಮಕ್ಕಳು ದಿಕ್ಕು ಸರಿಯಾಗಿ ಹಾಕಿ, ಆಸನದ ಒತ್ತು ಮತ್ತು ತೂಕದ ಜೊತೆಗೆ ‘ಕೇಂದ್ರಾಭಿಮುಖ ಬಲ’ ಎಂಬ ಮೂರನೆಯ ಬಾಣವನ್ನು ಸೇರಿಸುತ್ತಾರೆ. ಅದೂ ತಪ್ಪೇ. ಅವರಿಗೆ ನಾನು ಯಕ್ಷಗಾನದ ಚೌಕಿಯ ಉದಾಹರಣೆ ಕೊಡುತ್ತೇನೆ. ಆಟ ಶುರುವಾಗುವ ಮುಂಚೆ ಚೌಕಿಯಲ್ಲಿ ಎಷ್ಟು ಜನ ಕಲಾವಿದರಿದ್ದಾರೆಂದು ಎಣಿಸುವಾಗ ಬಣ್ಣ ಹಚ್ಚಿಕೊಂಡ ಕಲಾವಿದನನ್ನು ಒಮ್ಮೆ, ಅವನ ಭೀಮನ ವೇಷವನ್ನು ಇನ್ನೊಮ್ಮೆ ಎಣಿಸುವುದಿಲ್ಲ. ಭೀಮ ಅವನು ಹೊತ್ತ ಪಾತ್ರ. ಕೇಂದ್ರಾಭಿಮುಖ ಬಲ ಎಂಬುದೂ ಒಂದು ಪಾತ್ರ. ದಾರ ಕಟ್ಟಿ ತಿರುಗಿಸುವ ಕಲ್ಲಿನಲ್ಲಿ ದಾರದ ಸೆಳೆತ ಆ ಪಾತ್ರ ಹೊರುತ್ತದೆ. ತಿರುವಿನಲ್ಲಿ ಬಸ್ಸಿಗೆ ರಸ್ತೆಯ ಘರ್ಷಣೆ, ಚಂದ್ರನಿಗೆ ಭೂಮಿಯ ಗುರುತ್ವ. ನಮ್ಮ ಹುಡುಗಿಗೆ ಆಸನ ಮತ್ತು ಭೂಮಿ ಇಬ್ಬರೂ ಕೂಡಿ ಅದನ್ನು ನಿಭಾಯಿಸುತ್ತಾರೆ. ಪಾತ್ರಕ್ಕೆ ಬೇರೆ ಬಾಣವಿಲ್ಲ.

ಹೆಸರಿನ ಮಾತೂ ಇದೆ. ಅಭಿಮುಖ ಎಂದರೆ ಮುಖ ಮಾಡಿದ್ದು. ಕೇಂದ್ರಾಭಿಮುಖ ಎಂದು ಬರೆದು ಬಾಣವನ್ನು ಕೇಂದ್ರಕ್ಕೆ ಬೆನ್ನು ಮಾಡಿಸಿದರೆ ಬರೆದ ಪದವೇ ಬಾಣವನ್ನು ಅಲ್ಲಗಳೆಯುತ್ತದೆ. ‘ಸೆಂಟ್ರಿಪೀಟಲ್’ ಎಂದು ಬಾಯಿಪಾಠ ಮಾಡಿದ ಮಕ್ಕಳಿಗೆ ಕನ್ನಡದ ಈ ಪದವನ್ನು ಬಿಡಿಸಿ ಹೇಳಿದರೆ ಎಷ್ಟೋ ಜನ ದಿಕ್ಕನ್ನು ತಾವೇ ತಿದ್ದಿಕೊಳ್ಳುತ್ತಾರೆ.

ಬಸ್ಸಿನಲ್ಲಿ ಮೈ ಹೇಳುವ ಸುಳ್ಳು

ಓದಿದ ಮಕ್ಕಳೂ ಈ ಬಾಣವನ್ನು ಹೊರಕ್ಕೆ ಹಾಕುವುದಕ್ಕೆ ದೊಡ್ಡ ಕಾರಣ ಅವರ ಮೈಯ ಅನುಭವ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸು ಎಡಕ್ಕೆ ಹೊರಳಿದಾಗ ನಾವು ಬಲಕ್ಕೆ ವಾಲುತ್ತೇವೆ. ಪಕ್ಕದವರ ಮೇಲೆ ಬೀಳುತ್ತೇವೆ, ಇಲ್ಲವೇ ಭುಜ ಹೋಗಿ ಕಿಟಕಿಗೆ ಒತ್ತುತ್ತದೆ. ಯಾರೋ ಹೊರಕ್ಕೆ ತಳ್ಳಿದರು ಎಂದೇ ಅನ್ನಿಸುತ್ತದೆ.

ಆ ತಿರುವನ್ನು ಬಸ್ಸಿನೊಳಗಿಂದ ನೋಡದೆ, ರಸ್ತೆ ಬದಿಯ ಗುಡ್ಡದ ಮೇಲೆ ನಿಂತು ನೋಡಿದರೆ ಕಾಣುವುದು ಬೇರೆ. ಬಸ್ಸು ಎಡಕ್ಕೆ ತಿರುಗಲು ಶುರುಮಾಡಿದ ಕ್ಷಣದಲ್ಲಿ ಪ್ರಯಾಣಿಕನ ಮೈ ಮೊದಲಿನ ನೇರ ದಿಕ್ಕಿನಲ್ಲೇ ಮುಂದುವರಿಯುತ್ತದೆ. ಅವನು ಬಲಕ್ಕೆ ಹೋಗಲಿಲ್ಲ, ಬಸ್ಸು ಅವನ ಕೆಳಗಿಂದ ಎಡಕ್ಕೆ ಹೋಯಿತು. ಕೊನೆಗೆ ಬಸ್ಸಿನ ಬಲಗಡೆಯ ಗೋಡೆಯೇ ಬಂದು ಅವನ ಭುಜಕ್ಕೆ ತಾಗುತ್ತದೆ. ತಾಗಿದ ಮೇಲೆ ಅದು ಅವನನ್ನು ಎಡಕ್ಕೆ, ತಿರುವಿನ ಒಳಮುಖಕ್ಕೆ ತಳ್ಳುತ್ತದೆ. ಭುಜಕ್ಕೆ ಆಗುವ ಒತ್ತಡ ನಿಜ. ಅದರ ದಿಕ್ಕು ಮಾತ್ರ ನಾವು ಅಂದುಕೊಂಡದ್ದಕ್ಕೆ ವಿರುದ್ಧ. ಅವನು ಗೋಡೆಯನ್ನು ಹೊರಕ್ಕೆ ಒತ್ತುತ್ತಾನೆ ಎಂಬುದೂ ನಿಜವೇ, ಆದರೆ ಆ ಬಲ ಬಿದ್ದದ್ದು ಗೋಡೆಯ ಮೇಲೆ. ಅವನ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ. ಮಕ್ಕಳ ಹೊರಗಿನ ಬಾಣ ಎಷ್ಟೋ ಸಲ ಹೀಗೆ ಬೇರೆ ವಸ್ತುವಿನ ಮೇಲಿನ ಬಲವಾಗಿದ್ದು, ತಪ್ಪಿ ಈ ಚಿತ್ರಕ್ಕೆ ಬಂದಿರುತ್ತದೆ.

ಹೊರಮುಖ ಬಲ ನಿಜವಾಗಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಪರೀಕ್ಷಿಸಲು ಸುಲಭದ ದಾರಿಯಿದೆ. ಒಳಗೆ ಎಳೆಯುತ್ತಿರುವುದನ್ನು ಕತ್ತರಿಸಿ ನೋಡಬೇಕು. ದಾರ ಕಟ್ಟಿ ತಿರುಗಿಸುತ್ತಿರುವ ಕಲ್ಲಿನ ದಾರ ತುಂಡಾದರೆ ಕಲ್ಲು ಎತ್ತ ಹೋಗುತ್ತದೆ ಎಂದು ಕೇಳಿದರೆ, ಹೊರಗಿನ ಬಾಣ ಬರೆದವರಲ್ಲಿ ಹಲವರು ‘ಕೇಂದ್ರದಿಂದ ನೇರ ಹೊರಕ್ಕೆ’ ಎನ್ನುತ್ತಾರೆ. ಸಾಣೆ ಹಿಡಿಯುವವನ ಚಕ್ರವನ್ನು ನೋಡಿದವರಿಗೆ ಉತ್ತರ ಗೊತ್ತು. ಕತ್ತಿ ತಾಗಿದ ಜಾಗದಿಂದ ಹಾರುವ ಕಿಡಿಗಳು ಚಕ್ರದ ಅಂಚನ್ನು ಸವರಿಕೊಂಡ ಹಾಗೆ, ಸ್ಪರ್ಶರೇಖೆಯ ಗುಂಟ ಹೋಗುತ್ತವೆ. ಆ ಕ್ಷಣದಲ್ಲಿ ಅಂಚು ಯಾವ ಕಡೆ ಓಡುತ್ತಿತ್ತೋ ಕಿಡಿಯೂ ಅದೇ ಕಡೆ ಓಡುತ್ತದೆ. ಕಲ್ಲೂ ಹಾಗೆಯೇ. ಬಿಟ್ಟ ಕೂಡಲೇ ಅದನ್ನು ಹೊರಕ್ಕೆ ದೂಡುವವರು ಯಾರೂ ಇಲ್ಲ.

ಅನುಮಾನ ಉಳಿದರೆ

ಮಗುವಿಗೆ ಇನ್ನೂ ನಂಬಿಕೆ ಬಾರದಿದ್ದರೆ ಅದೇ ಹುಡುಗಿಯನ್ನು ಚಕ್ರದ ಪಕ್ಕಕ್ಕೆ, ಕೇಂದ್ರದ ಮಟ್ಟಕ್ಕೆ ತರುತ್ತೇನೆ. ಇಲ್ಲಿ ಕೇಂದ್ರ ಇರುವುದು ಅಡ್ಡ ದಿಕ್ಕಿನಲ್ಲಿ. ಭೂಮಿ ಕೆಳಕ್ಕೆ 400 ಎಳೆಯುತ್ತದೆ, ಆಸನ ಮೇಲಕ್ಕೆ 400 ಒತ್ತುತ್ತದೆ, ಎರಡೂ ಸರಿದೂಗಿದವು. ಹಾಗಾದರೆ ಕೇಂದ್ರದ ಕಡೆಗೆ ಬೇಕಾದ 80 ನ್ಯೂಟನ್ ಎಲ್ಲಿಂದ ಬಂತು? ಹುಡುಕಿದರೆ ಸಿಗುತ್ತದೆ. ಒಂದು ಪಕ್ಕದಲ್ಲಿ ಬೆನ್ನ ಹಿಂದಿನ ಒರಗು ತಳ್ಳುತ್ತದೆ, ಇನ್ನೊಂದು ಪಕ್ಕದಲ್ಲಿ ಆಸನದ ಘರ್ಷಣೆ ಹಿಡಿದುಕೊಳ್ಳುತ್ತದೆ. ಹೊರಗಿನ ಬಾಣ ಹಾಕುವವರು ಇಲ್ಲಿ ಸಾಮಾನ್ಯವಾಗಿ ಈ ಒಳಮುಖ ಬಲವನ್ನು ಮರೆತೇಬಿಡುತ್ತಾರೆ. ಆಗ ಅವರ ಚಿತ್ರದ ಹುಡುಗಿ ಚಕ್ರದಿಂದ ಆಚೆಗೆ ಹಾರಬೇಕಾಗುತ್ತದೆ.

ಇನ್ನೊಂದು ಪರೀಕ್ಷೆ ಚಕ್ರದ ತುದಿಯಲ್ಲಿ. ಅಲ್ಲಿ ಕೇಂದ್ರ ಕೆಳಗಿದೆ, ಆದ್ದರಿಂದ mg − N = mv²/r, ಆಸನದ ಒತ್ತು 320. ಚಕ್ರದ ಜವ ಹೆಚ್ಚಿಸುತ್ತ ಹೋದರೆ ಈ ಒತ್ತು ಕಡಿಮೆಯಾಗುತ್ತ ಹೋಗಿ ಒಂದು ಹಂತದಲ್ಲಿ ಸೊನ್ನೆಯಾಗುತ್ತದೆ. ಆಗ v² = rg, ಅಂದರೆ ಸೆಕೆಂಡಿಗೆ ಸುಮಾರು 8.9 ಮೀಟರ್. ಎರಡು ಸಲ ಎಣಿಸಿದವನಿಗೆ ಈ ಜವ 6.3 ಮೀಟರ್ ಬರುತ್ತದೆ. ಯಾವುದು ಸರಿ ಎಂದು ತೀರ್ಮಾನಿಸಲು ಸೂತ್ರ ಬೇಡ. ಒತ್ತು ಸೊನ್ನೆಯಾದಾಗ ಹುಡುಗಿಯ ಮೇಲೆ ಉಳಿಯುವುದು ಭೂಮಿಯ ಎಳೆತ ಒಂದೇ. ಆಗ ಅವಳ ವೇಗೋತ್ಕರ್ಷ 10 ಆಗಿರಲೇಬೇಕು. 8.9ರ ವರ್ಗವನ್ನು 8ರಿಂದ ಭಾಗಿಸಿದರೆ ಸುಮಾರು 10 ಬರುತ್ತದೆ. 6.3ರ ವರ್ಗವನ್ನು ಭಾಗಿಸಿದರೆ ಬರುವುದು 5 ಮಾತ್ರ.

ಹೊರಗಿನ ಬಾಣಕ್ಕೆ ಜಾಗವಿರುವಲ್ಲಿ

ಹೊರಮುಖ ಬಲ ಎಂಬುದು ಎಲ್ಲಿಯೂ ಇಲ್ಲ ಎಂದು ಗದರಿಸಿ ಕಳಿಸುವುದೂ ಸರಿಯಲ್ಲ. ನೋಡುವವರೇ ಚಕ್ರದ ಜೊತೆ ತಿರುಗುತ್ತ ನೋಡಿದರೆ ಹುಡುಗಿ ಅವರ ಪಾಲಿಗೆ ನಿಂತೇ ಇರುತ್ತಾಳೆ. ಅವಳಿಗೆ ಅಲ್ಲಿ ವೇಗೋತ್ಕರ್ಷವಿಲ್ಲ. ಆದರೂ ಆಸನ ಅವಳನ್ನು 480ರಷ್ಟು ಒತ್ತುತ್ತಿದೆ, ತೂಕ 400 ಮಾತ್ರ. ಲೆಕ್ಕ ಸರಿದೂಗಿಸಲು 80 ನ್ಯೂಟನ್‌ನ ಹೊರಮುಖ ಬಲವೊಂದನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಕೇಂದ್ರಾಪಗಾಮಿ ಬಲ ಎಂದು ಹೆಸರು, ಕೇಂದ್ರದಿಂದ ದೂರ ಹೋಗುವಂಥದ್ದು. ತಿರುಗುವ ಯಂತ್ರಗಳ ಲೆಕ್ಕದಲ್ಲಿ ಎಂಜಿನಿಯರುಗಳು ಇದನ್ನು ತಿಳಿದೇ ಬಳಸುತ್ತಾರೆ.

ಆದ್ದರಿಂದ ಹೊರಗಿನ ಬಾಣ ಕಂಡಾಗ ‘ನೀನು ಎಲ್ಲಿ ನಿಂತು ಈ ಚಿತ್ರ ಬರೆದೆ?’ ಎಂದೂ ಕೇಳಬೇಕು. ‘ಚಕ್ರದ ಜೊತೆ ತಿರುಗುತ್ತ’ ಎನ್ನುವ ವಿದ್ಯಾರ್ಥಿ ಬಾಣಕ್ಕೆ ಕೇಂದ್ರಾಪಗಾಮಿ ಎಂದು ಹೆಸರಿಟ್ಟು, ಸಮೀಕರಣದ ಬಲಗಡೆ ಸೊನ್ನೆ ಬರೆದಿದ್ದರೆ ಪೂರ್ತಿ ಅಂಕ ಕೊಡಬಹುದು. ‘ನೆಲದ ಮೇಲೆ ನಿಂತು’ ಎನ್ನುವವರ ಚಿತ್ರದಲ್ಲಿ ಆ ಬಾಣ ಇರಕೂಡದು, ಬಲಗಡೆ mv²/r ಇರಬೇಕು. ಎರಡರಲ್ಲಿ ಒಂದು. ಎರಡನ್ನೂ ಬೆರೆಸಿದರೆ 560 ಬರುತ್ತದೆ.

ಈ ಗೊಂದಲಕ್ಕೆ ದೊಡ್ಡವರ ಚರಿತ್ರೆಯೂ ಇದೆ. ವೃತ್ತೀಯ ಚಲನೆಯ ಲೆಕ್ಕವನ್ನು 1659ರಲ್ಲಿ ಬರೆದಿಟ್ಟ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಅದನ್ನು ಹೊರಮುಖ ಬಲವೆಂದೇ ಕಂಡು, ಲ್ಯಾಟಿನ್‌ನಲ್ಲಿ ‘ಕೇಂದ್ರದಿಂದ ಓಡುವುದು’ ಎಂಬ ಅರ್ಥದ ಹೆಸರಿಟ್ಟ. ಎಳೆಯ ನ್ಯೂಟನ್ ಕೂಡ ಸುತ್ತುವ ವಸ್ತುವಿಗೆ ಕೇಂದ್ರದಿಂದ ದೂರ ಸರಿಯುವ ತುಡಿತವಿದೆ ಎಂದೇ ಯೋಚಿಸುತ್ತಿದ್ದ. ನೇರ ಗೆರೆಯ ಓಟ ಮತ್ತು ಕೇಂದ್ರದ ಕಡೆಗಿನ ಎಳೆತ ಎರಡೂ ಕೂಡಿ ಗ್ರಹಗಳ ದಾರಿಯಾಗುತ್ತದೆ ಎಂಬ ವಿಚಾರವನ್ನು 1679ರಲ್ಲಿ ರಾಬರ್ಟ್ ಹುಕ್ ಪತ್ರದಲ್ಲಿ ಅವನ ಮುಂದಿಟ್ಟ. ‘ಕೇಂದ್ರವನ್ನು ಅರಸುವುದು’ ಎಂಬ ಅರ್ಥದ ಹೊಸ ಪದವನ್ನು ನ್ಯೂಟನ್ ಕಟ್ಟಿದ್ದು ಅದಾದ ಮೇಲೆ. 1687ರ ‘ಪ್ರಿನ್ಸಿಪಿಯಾ’ ಗ್ರಂಥ ನಿಂತಿರುವುದು ಆ ಒಳಮುಖ ಬಾಣದ ಮೇಲೆ. ಚಂದ್ರನನ್ನು ಭೂಮಿ ಒಳಕ್ಕೆ ಎಳೆಯುತ್ತಿದೆ, ಅದನ್ನು ಹೊರಕ್ಕೆ ಎಳೆದು ಸಮತೂಕ ಮಾಡುವವರು ಯಾರೂ ಇಲ್ಲ, ಅದಕ್ಕಾಗಿಯೇ ಅದು ನೇರ ಹೋಗದೆ ಬಾಗಿ ಸುತ್ತುತ್ತದೆ.

ಅಷ್ಟು ದೊಡ್ಡವರಿಗೆ ಇಪ್ಪತ್ತು ವರ್ಷ ಹಿಡಿದದ್ದನ್ನು ಹದಿನಾರರ ಮಕ್ಕಳು ಒಂದು ವಾರದಲ್ಲಿ ಕಲಿಯಬೇಕಾಗಿದೆ. ತಿದ್ದುವ ನಾವು ಬಾಣದ ಮೇಲೆ ಕೆಂಪು ಗೀಟು ಎಳೆದು ‘ತಪ್ಪು’ ಎಂದು ಬರೆದರೆ ಅವರು ಮುಂದಿನ ಸಲ ಬಾಣವನ್ನು ಬಿಡುತ್ತಾರೆ, ನಂಬಿಕೆಯನ್ನು ಬಿಡುವುದಿಲ್ಲ. ನಾನು ಈಗ ಬಾಣದ ಪಕ್ಕ ‘ಯಾರು?’ ಎಂದಷ್ಟೇ ಬರೆಯುತ್ತೇನೆ. ಉತ್ತರ ಸರಿ ಬಂದ ಪುಸ್ತಕದಲ್ಲೂ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ಈ ಪಾಠ ಓದುವ ಮಗ ಮಗಳು ಇದ್ದರೆ, ಕೊನೆಯ ಸಾಲಿನ ಅಂಕಿ ನೋಡುವ ಮೊದಲು ಚಿತ್ರದ ಒಂದೊಂದು ಬಾಣದ ಮೇಲೂ ಬೆರಳಿಟ್ಟು ಅದೇ ಪ್ರಶ್ನೆ ಕೇಳಿ. ಉತ್ತರವಾಗಿ ಒಂದು ವಸ್ತುವಿನ ಹೆಸರು ಬಂದರೆ ಬಾಣ ಉಳಿಯಲಿ, ಬಾರದಿದ್ದರೆ ಅದನ್ನು ಅಳಿಸುವ ರಬ್ಬರು ಆ ಮಗುವಿನ ಕೈಯಲ್ಲೇ ಇರಲಿ.